ಬೆಳೆಗೆ ಎಷ್ಟು ದಿನ, ಆಡುವವರಿಗೆ ಎಷ್ಟು ಹೊತ್ತು?

2009ರ ಜೂನ್‌ನಲ್ಲಿ ಫೇಸ್‌ಬುಕ್ಕಿಗೆ ಬಂದ ಫಾರ್ಮ್‌ವಿಲ್ ಆಟದಲ್ಲಿ ಸ್ಟ್ರಾಬೆರಿ ಬೆಳೆಯಲು ನಾಲ್ಕು ಗಂಟೆ ಬೇಕಿತ್ತು. ಅದು ಗೋಡೆ ಗಡಿಯಾರದ ನಾಲ್ಕು ಗಂಟೆ. ರಾತ್ರಿ ಹತ್ತಕ್ಕೆ ಬಿತ್ತಿದರೆ ಹಣ್ಣು ಸಿದ್ಧವಾಗುವುದು ನಡುರಾತ್ರಿ ಎರಡಕ್ಕೆ. ಹೆಚ್ಚು ತಡ ಮಾಡಿದರೆ ಬೆಳೆ ಬಾಡುತ್ತಿತ್ತು. ಹಾಕಿದ ಬೀಜದ ಕಾಸೂ ಹೋಗುತ್ತಿತ್ತು. ಆ ಕಾಲದಲ್ಲಿ ಆಫೀಸಿನ ಮೀಟಿಂಗಿನ ನಡುವೆಯೂ ಮದುವೆ ಮನೆಯಲ್ಲೂ ಜನ ಕಂಪ್ಯೂಟರ್ ಹುಡುಕಿ ಹೊಲ ನೋಡಿಕೊಂಡಿದ್ದಕ್ಕೆ ಕಾರಣ ಈ ಒಂದು ಅಂಕಿ.

2016ರ ಫೆಬ್ರುವರಿಯಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿ ಎಂಬ ಇನ್ನೊಂದು ಬೇಸಾಯದ ಆಟದಲ್ಲಿ ಮೂಲಂಗಿಯಂಥ ಪಾರ್ಸ್‌ನಿಪ್ ಗಡ್ಡೆ ಬೆಳೆಯಲು ನಾಲ್ಕು ದಿನ ಬೇಕು. ಕೇಳಲು ಇದೇ ಹೆಚ್ಚು ಕಾಲ. ಆದರೆ ಆ ನಾಲ್ಕು ದಿನ ನಡೆಯುವುದು ಆಟದ ಒಳಗಿನ ಪಂಚಾಂಗದಲ್ಲಿ. ನೀವು ಆಡಿದರೆ ದಿನ ಸರಿಯುತ್ತದೆ, ಆಟ ಮುಚ್ಚಿದರೆ ನಿಲ್ಲುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದರೂ ಬಿಟ್ಟ ಕಡೆಯಲ್ಲೇ ಬೆಳೆ ಕಾದಿರುತ್ತದೆ.

ಬೇಸಾಯದ ಆಟ ಕಟ್ಟುವವರು ಬೆಳೆಯ ಅವಧಿ, ಋತುವಿನ ಉದ್ದ, ಪಾತ್ರದ ಎನರ್ಜಿ ಎಂಬ ಮೂರು ಅಂಕಿಗಳನ್ನು ನಿರ್ಧರಿಸಬೇಕಾಗುತ್ತದೆ. ಪರದೆಯ ಮೇಲೆ ಇವು ಹೊಲದ ಲೆಕ್ಕದಂತೆ ಕಂಡರೂ, ಇವು ಅಳೆಯುವುದು ಆಡುವ ಮನುಷ್ಯನ ದಿನದಲ್ಲಿ ಆಟಕ್ಕೆಷ್ಟು ಪಾಲು ಎಂಬುದನ್ನು. ಈ ಅಂಕಿಗಳನ್ನು ಆಡುವವರ ಹೊತ್ತಿಗೆ ಬೆಲೆ ಕೊಟ್ಟು ಇಡುವುದು ಹೇಗೆ ಎಂಬುದಕ್ಕೆ ಸ್ಟಾರ್‌ಡ್ಯೂ ವ್ಯಾಲಿ ಒಳ್ಳೆಯ ಪಾಠ. ಎರಿಕ್ ಬರೋನ್ ಎಂಬ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಮಾಡಿ ಕಟ್ಟಿದ ಆಟ ಇದು. ಇದರ ಪ್ರೇರಣೆ 1996ರ ಜಪಾನಿನ ಹಾರ್ವೆಸ್ಟ್ ಮೂನ್.

ಗಡಿಯಾರದ ಕೀಲಿ ಯಾರ ಕೈಯಲ್ಲಿ?

ಸ್ಟಾರ್‌ಡ್ಯೂನಲ್ಲಿ ಬೆಳಿಗ್ಗೆ ಆರಕ್ಕೆ ದಿನ ಶುರುವಾಗಿ ನಡುರಾತ್ರಿ ಎರಡಕ್ಕೆ ಮುಗಿಯುತ್ತದೆ. ಆಟದ ಹತ್ತು ನಿಮಿಷ ಎಂದರೆ ನಮ್ಮ ಸುಮಾರು 7 ಸೆಕೆಂಡು. ಆ ಲೆಕ್ಕದಲ್ಲಿ ಇಡೀ ದಿನ ನಮ್ಮ 14 ನಿಮಿಷಕ್ಕೆ ತುಸು ಮೇಲೆ. 28 ದಿನಕ್ಕೆ ಒಂದು ಋತು, ನಾಲ್ಕು ಋತುವಿಗೆ ಒಂದು ವರ್ಷ. ಪ್ರತಿದಿನವನ್ನೂ ಪೂರ್ತಿ ಆಡಿದರೆ ಒಂದು ಋತು ಆರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, ಒಂದು ವರ್ಷ ಸುಮಾರು 27 ಗಂಟೆ.

ಈ ಅಂಕಿಗಳಲ್ಲಿ ಮೊದಲು ಗಮನಿಸಬೇಕಾದ್ದು ಆ 14 ನಿಮಿಷ. ಊಟಕ್ಕೆ ಮೊದಲು ಅರ್ಧ ಗಂಟೆ ಬಿಡುವಿದ್ದವರು ಅಷ್ಟರಲ್ಲಿ ಎರಡು ದಿನ ಮುಗಿಸಿ ಏಳಬಹುದು. ಎದ್ದು ನೀರು ಹಾಕಿ, ಊರಿಗೆ ಹೋಗಿ ಬೀಜ ಕೊಂಡು, ಯಾರದೋ ಜೊತೆ ಮಾತಾಡಿ, ಸಂಜೆ ಬಂದು ಮಲಗಿದರೆ ಕೆಲಸದ ಒಂದು ಸುತ್ತು ಮುಗಿಯುತ್ತದೆ. ಆಟ ಸೇವ್ ಆಗುವುದೂ ಆಗಲೇ. ಆಡುವ ಘಟಕ ಚಿಕ್ಕದಾಗಿದ್ದು ಅದರ ಕೊನೆ ಸ್ಪಷ್ಟವಾಗಿ ಕಂಡರೆ ಎದ್ದು ಹೋಗುವುದು ಸುಲಭ. ದಿನವೊಂದಕ್ಕೆ 40 ನಿಮಿಷ ಇಟ್ಟಿದ್ದರೆ ಅರ್ಧ ಗಂಟೆ ಬಿಡುವಿದ್ದವರಿಗೆ ಈ ಆಟ ಆಡಲಾಗುತ್ತಿರಲಿಲ್ಲ.

ಇದರಲ್ಲಿ ಒಂದು ಕೊರತೆಯೂ ಇದೆ. ಕಂಪ್ಯೂಟರಿನಲ್ಲಿ ಮಲಗಿದಾಗ ಮಾತ್ರ ಸೇವ್ ಆಗುವುದರಿಂದ, ಆಟದ ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿ ನೀವು ಆಟ ಮುಚ್ಚಬೇಕಾದರೆ ಆ ದಿನದ ಕೆಲಸವೆಲ್ಲ ಹೋಗುತ್ತದೆ. ಬಸ್ಸಿನಲ್ಲಿ, ಸರತಿಯಲ್ಲಿ ಆಡುವವರಿಗೆ ಇದು ಸರಿಹೋಗದು. ಅದಕ್ಕೇ ಮೊಬೈಲ್ ಆವೃತ್ತಿಯಲ್ಲಿ ದಿನದ ನಡುವೆ ಹೊರಬಂದರೂ ಆಟದ ಸ್ಥಿತಿ ಉಳಿಯುವ ಏರ್ಪಾಡಿದೆ. ದಿನದ ಉದ್ದವನ್ನು ಎಷ್ಟೇ ಚೆನ್ನಾಗಿ ಅಳೆದರೂ, ನಡುವೆ ಬಿಟ್ಟು ಏಳಲು ದಾರಿಯಿಲ್ಲದಿದ್ದರೆ ಆ ಅಳತೆ ಅರ್ಧವೇ.

ಗೋಡೆ ಗಡಿಯಾರಕ್ಕೆ ಕಟ್ಟಿದ ಆಟವೆಲ್ಲ ಕೆಟ್ಟದ್ದು ಎಂದಲ್ಲ. ನಿಂಟೆಂಡೊದ ಆ್ಯನಿಮಲ್ ಕ್ರಾಸಿಂಗ್ ಸರಣಿ ನಿಜದ ಗಡಿಯಾರದಲ್ಲೇ ನಡೆಯುತ್ತದೆ. 2020ರ ನ್ಯೂ ಹೊರೈಜನ್ಸ್‌ನಲ್ಲಿ ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆದು ರಾತ್ರಿ ಹತ್ತಕ್ಕೆ ಮುಚ್ಚುತ್ತದೆ; ರಾತ್ರಿ ಪಾಳಿಯವರಿಗೆ ಅದು ತೊಡಕೇ. ಆದರೆ ಅದೇ ಆಟದಲ್ಲಿ ತರಕಾರಿ ಗಿಡಕ್ಕೆ ನೀರು ಹಾಕದಿದ್ದರೂ ಅದು ಬೆಳೆಯುತ್ತದೆ, ನೀರು ಹಾಕಿದರೆ ಇಳುವರಿ ಹೆಚ್ಚುತ್ತದೆ. ಬಂದವರಿಗೆ ಲಾಭ, ಬಾರದವರಿಗೆ ದಂಡವಿಲ್ಲ. ಫಾರ್ಮ್‌ವಿಲ್‌ನ ತೊಂದರೆ ನಿಜದ ಗಡಿಯಾರ ಇದ್ದದ್ದೇ ಅಲ್ಲ; ಆ ಗಡಿಯಾರಕ್ಕೆ ಬಾಡುವಿಕೆಯನ್ನು ಗಂಟು ಹಾಕಿ, ಕಾಯುವುದನ್ನು ತಪ್ಪಿಸಿಕೊಳ್ಳಲು ದುಡ್ಡು ಕೊಡುವ ದಾರಿ ಇಟ್ಟದ್ದು. ಬೆಳೆ ಬಾಡುವಷ್ಟು, ಕಾಯುವುದು ಬೇಸರವಾಗುವಷ್ಟು ಕಂಪನಿಗೆ ಲಾಭ. ಅಂಥ ಕಡೆ ಅಂಕಿಯನ್ನು ನ್ಯಾಯವಾಗಿ ಇಡುವುದು ಕಷ್ಟ.

ಸ್ಟಾರ್‌ಡ್ಯೂನಲ್ಲೂ ನೀರು ಹಾಕುವುದನ್ನು ಒಂದು ದಿನ ಮರೆತರೆ ಗಿಡ ಸಾಯುವುದಿಲ್ಲ. ಆ ದಿನ ಅದು ಬೆಳೆಯುವುದಿಲ್ಲ, ಅಷ್ಟೆ. ಮರೆವಿಗೆ ಕೊಡುವ ಬೆಲೆ ಒಂದು ದಿನ. ಶ್ರಮ ವ್ಯರ್ಥವಾಗುವುದಿಲ್ಲ, ಆದರೂ ಮರೆಯದಿರಲು ಕಾರಣ ಉಳಿಯುತ್ತದೆ.

ಋತುವಿನ ಗಡುವು ಮತ್ತು ಅದರ ಸಡಿಲ

ಹಾಗಾದರೆ ಸ್ಟಾರ್‌ಡ್ಯೂನಲ್ಲಿ ಬೆಳೆ ಸಾಯುವುದೇ ಇಲ್ಲವೇ? ಸಾಯುತ್ತದೆ, ಋತು ಬದಲಾದಾಗ. ವಸಂತದ ಬೆಳೆ 28ನೆಯ ದಿನದೊಳಗೆ ಕೊಯ್ಲಿಗೆ ಬರದಿದ್ದರೆ ಮರುಬೆಳಿಗ್ಗೆ ಒಣಗಿ ನಿಂತಿರುತ್ತದೆ. ಕಠಿಣ ನಿಯಮ, ಆದರೆ ಬೇಕಾದ ನಿಯಮ. ಇದಿಲ್ಲದಿದ್ದರೆ ಒಂದೇ ಲಾಭದ ಬೆಳೆಯನ್ನು ವರ್ಷವಿಡೀ ಹಾಕಿಕೊಂಡು ಹೋಗುತ್ತಿದ್ದರು. ಋತುವಿನ ಕೊನೆ ಹೊಲವನ್ನು ಖಾಲಿ ಮಾಡಿ ಹೊಸ ಯೋಚನೆಗೆ ಜಾಗ ಕೊಡುತ್ತದೆ.

ಈ ಗಡುವು ಆಡುವವರಿಗೆ ಹೊರೆಯಾಗದಂತೆ ನೋಡಿಕೊಳ್ಳುವುದು ಬೆಳೆಯ ಅವಧಿ. ಲೆಕ್ಕ ಸರಳ. ಒಮ್ಮೆ ಮಾತ್ರ ಕೊಯ್ಯುವ ಬೆಳೆಯನ್ನು ಬಿತ್ತಲು ಕೊನೆಯ ದಿನ ಎಂದರೆ 28ರಲ್ಲಿ ಅದರ ಅವಧಿ ಕಳೆದದ್ದು. ಪಾರ್ಸ್‌ನಿಪ್‌ಗೆ ನಾಲ್ಕು ದಿನ, ಹಾಗಾಗಿ 24ನೆಯ ದಿನದವರೆಗೂ ಬಿತ್ತಬಹುದು. ಹೂಕೋಸಿಗೆ 12 ದಿನ, ಹಾಗಾಗಿ ಕೊನೆಯ ದಿನ 16. ಮೊದಲ ದಿನವೇ ಹೂಕೋಸು ಹಾಕಿದರೆ 13ಕ್ಕೆ ಕೊಯ್ದು, ಅಂದೇ ಮತ್ತೆ ಹಾಕಿ 25ಕ್ಕೆ ಎರಡನೆಯ ಕೊಯ್ಲು ತೆಗೆಯಬಹುದು. ಮೂರು ದಿನ ತಡವಾದರೂ ಎರಡು ಕೊಯ್ಲು ಕೈತಪ್ಪುವುದಿಲ್ಲ. ಈ ಮೂರು ದಿನವೇ ಸಡಿಲ. ಎಷ್ಟು ಸಡಿಲ ಇದೆ ಎಂಬುದರಲ್ಲೇ ಆಟದ ಮನೋಭಾವ ತಿಳಿಯುತ್ತದೆ.

ಸ್ಟ್ರಾಬೆರಿಯನ್ನು ತೆಗೆದುಕೊಳ್ಳಿ. ಅದರ ಬೀಜ ಮೊದಲ ವರ್ಷ ಸಿಗುವುದು ವಸಂತದ 13ನೆಯ ದಿನದ ಮೊಟ್ಟೆ ಹಬ್ಬದಲ್ಲಿ, ಬೆಲೆ 100. ಬಿತ್ತಿದ ಎಂಟು ದಿನಕ್ಕೆ ಮೊದಲ ಹಣ್ಣು, ಆಮೇಲೆ ನಾಲ್ಕು ದಿನಕ್ಕೊಮ್ಮೆ. ಎಷ್ಟು ಸಲ ಹಣ್ಣು ಸಿಗುತ್ತದೆ ಎಂಬುದಕ್ಕೆ ಒಂದು ಸೂತ್ರ ಬರೆಯಬಹುದು:

```
n = 1 + floor((28 - d - g) / r)
```

ಇಲ್ಲಿ `d` ಬಿತ್ತಿದ ದಿನ, `g` ಮೊದಲ ಕೊಯ್ಲಿಗೆ ಬೇಕಾದ ದಿನ, `r` ಮುಂದಿನ ಕೊಯ್ಲುಗಳ ಅಂತರ, `floor` ಎಂದರೆ ಭಾಗಿಸಿ ಬಂದ ಉತ್ತರದ ಪೂರ್ಣಾಂಕ ಮಾತ್ರ. 13ಕ್ಕೆ ಬಿತ್ತಿದರೆ 21 ಮತ್ತು 25ಕ್ಕೆ, ಒಟ್ಟು ಎರಡು ಕೊಯ್ಲು. 16ಕ್ಕೆ ಬಿತ್ತಿದರೆ 24 ಮತ್ತು 28ಕ್ಕೆ, ಆಗಲೂ ಎರಡೇ. ಹಬ್ಬ ಮುಗಿಸಿ ಬಂದ ಆಟದ ರಾತ್ರಿಯೇ ಓಡಿ ಬಿತ್ತಿದವರಿಗೂ ಎರಡು ದಿನ ಬಿಟ್ಟು ನಿಧಾನವಾಗಿ ಬಿತ್ತಿದವರಿಗೂ ಫಲ ಒಂದೇ. 17ಕ್ಕೆ ಹೋದರೆ ಒಂದೇ ಕೊಯ್ಲು. ಒಂದು ಹಣ್ಣಿಗೆ 120 ಸಿಗುವುದರಿಂದ, ಎರಡು ಕೊಯ್ಲಿಗೆ ಗಿಡವೊಂದಕ್ಕೆ 140 ಲಾಭ, ಒಂದೇ ಕೊಯ್ಲಾದರೆ ಬರೀ 20. ತಡ ಮಾಡಿದ್ದಕ್ಕೆ ಪರಿಣಾಮ ಇದೆ, ಆದರೆ ಅದಕ್ಕೆ ಮೊದಲು ಮೂರು ದಿನದ ಅವಕಾಶ ಇದೆ. ಆಟ ಕಟ್ಟುವವರು ಪ್ರತಿ ಬೆಳೆಗೂ ಈ ಸೂತ್ರ ಹಾಕಿ, ಕೊಯ್ಲಿನ ಸಂಖ್ಯೆ ಯಾವ ದಿನ ಇಳಿಯುತ್ತದೆ ಎಂದು ಪಟ್ಟಿ ಮಾಡಿಕೊಂಡರೆ ಯಾವ ಬೆಳೆ ಆಡುವವರನ್ನು ಓಡಿಸುತ್ತದೆ, ಯಾವುದು ಬಿಡುವು ಕೊಡುತ್ತದೆ ಎಂದು ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಲೆಕ್ಕ ಲಾಭದ್ದು. ಪಾರ್ಸ್‌ನಿಪ್ ಬೀಜಕ್ಕೆ 20, ಗಡ್ಡೆಗೆ 35. ನಾಲ್ಕು ದಿನಕ್ಕೆ 15 ಲಾಭ ಎಂದರೆ ದಿನಕ್ಕೆ ನಾಲ್ಕಕ್ಕಿಂತ ಕಡಿಮೆ. ಹೂಕೋಸಿನ ಬೀಜಕ್ಕೆ 80, ಹೂಕೋಸಿಗೆ 175. ಹನ್ನೆರಡು ದಿನಕ್ಕೆ 95 ಎಂದರೆ ದಿನಕ್ಕೆ ಸುಮಾರು ಎಂಟು. ಮತ್ತೆ ಮತ್ತೆ ಅಗೆದು ಬಿತ್ತುವ ಕೆಲಸವೂ ಹೂಕೋಸಿನಲ್ಲಿ ಕಡಿಮೆ. ಚಿಕ್ಕ ಬೆಳೆ ಬೇಗ ಕಾಸು ಕೊಟ್ಟು ಹೊಸಬರನ್ನು ಮೇಲೆತ್ತುತ್ತದೆ, ದೊಡ್ಡ ಬೆಳೆ ಕಾದವರಿಗೆ ಹೆಚ್ಚು ಕೊಡುತ್ತದೆ. ಗೋಡೆ ಗಡಿಯಾರದ ಆಟಗಳಲ್ಲಿ ಇದನ್ನು ತಿರುಗಿಸಿ, ನಿಮಿಷ ನಿಮಿಷಕ್ಕೆ ಬಂದು ಕೊಯ್ಯುವವರಿಗೇ ದಿನದ ಕೊನೆಗೆ ಹೆಚ್ಚು ಸಿಗುವಂತೆ ಮಾಡಿದರೆ ಬಿಡುವಿಲ್ಲದ ಮನುಷ್ಯ ಸದಾ ಹಿಂದೆ ಬೀಳುತ್ತಾನೆ. ಯಾವ ಆಟ ಯಾರ ಪರ ಎಂದು ತಿಳಿಯಲು ಬೆಳೆಗಳನ್ನು ಅವಧಿಯ ಕ್ರಮದಲ್ಲಿ ಬರೆದು ಎದುರಿಗೆ ದಿನದ ಲಾಭ ಬರೆಯುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಋತುವಿನ ವಿಷಯದಲ್ಲಿ ಸ್ಟಾರ್‌ಡ್ಯೂ ಎಡವುವ ಒಂದು ಜಾಗವಿದೆ. ಬೀಜದ ಪೊಟ್ಟಣದ ಮೇಲೆ ಎಷ್ಟು ದಿನ, ಯಾವ ಋತು ಎಂದು ಬರೆದಿರುತ್ತದೆ. ಆದರೆ ವಸಂತದ 20ನೆಯ ದಿನ ಹೂಕೋಸಿನ ಬೀಜ ಕೊಂಡರೂ ಅಂಗಡಿಯವ ಏನೂ ಹೇಳುವುದಿಲ್ಲ. ಲೆಕ್ಕ ಗೊತ್ತಿಲ್ಲದ ಹೊಸಬರು ದುಡ್ಡು, ಎಂಟು ದಿನದ ನೀರು ಎರಡನ್ನೂ ಕಳೆದುಕೊಳ್ಳುತ್ತಾರೆ. ‘ಈ ಋತುವಿನಲ್ಲಿ ಇದು ಕೊಯ್ಲಿಗೆ ಬರದು’ ಎಂಬ ಒಂದು ಸಾಲು ಸಾಕಿತ್ತು. ಗಡುವು ಇಡುವುದು ತಪ್ಪಲ್ಲ. ಗಡುವು ದಾಟಿದೆ ಎಂದು ಬಿತ್ತುವ ಮೊದಲು ಹೇಳದಿರುವುದು ತಪ್ಪು.

ಎನರ್ಜಿ: ದಿನಕ್ಕೊಂದು ಸಂಬಳ

ಬೇಸಾಯದ ಆಟಗಳಲ್ಲಿ ಹೆಚ್ಚು ಜಗಳಕ್ಕೆ ಕಾರಣವಾಗುವ ಅಂಕಿ ಎನರ್ಜಿ. ಸ್ಟಾರ್‌ಡ್ಯೂನಲ್ಲಿ ಪಾತ್ರಕ್ಕೆ ಆರಂಭದಲ್ಲಿ 270 ಎನರ್ಜಿ ಇರುತ್ತದೆ. ಗುದ್ದಲಿ, ಕೊಡಲಿ, ಪಿಕಾಸಿಯ ಒಂದೊಂದು ಏಟಿಗೆ 2, ಒಂದು ಚೌಕಕ್ಕೆ ನೀರು ಹಾಕಲು 2. ಆಟದ ಮೊದಲ ದಿನ ಊರಿನ ಮೇಯರ್ 15 ಪಾರ್ಸ್‌ನಿಪ್ ಬೀಜ ಕೊಟ್ಟಿರುತ್ತಾನೆ. ಅಷ್ಟನ್ನೂ ಹಾಕಲು ಅಗೆತಕ್ಕೆ 30, ನೀರಿಗೆ 30, ಒಟ್ಟು 60. ಉಳಿಯುವುದು 210. ಬಲಿತ ಮರವೊಂದನ್ನು ಆರಂಭದ ಕೊಡಲಿಯಿಂದ ಕಡಿದು ಬುಡ ತೆಗೆಯಲು 15 ಏಟು ಬೇಕು, ಎಂದರೆ 30 ಎನರ್ಜಿ. ಏಳು ಮರ ಕಡಿಯುವಷ್ಟರಲ್ಲಿ ಪಟ್ಟಿ ಖಾಲಿ. ಆಗ ಆಟದ ಗಡಿಯಾರದಲ್ಲಿ ಇನ್ನೂ ಮಧ್ಯಾಹ್ನವೂ ಆಗಿರದೆ ಇರಬಹುದು.

ಹೊಸಬರಿಗೆ ಇದು ಸಿಟ್ಟು ತರಿಸುತ್ತದೆ. ಆದರೆ ಇಲ್ಲಿ ಏನಾಗುತ್ತಿದೆ ನೋಡಿ. ಎನರ್ಜಿ ಮುಗಿದರೂ ದಿನ ಮುಗಿದಿಲ್ಲ. ಊರಿನವರ ಜೊತೆ ಮಾತಾಡಲು, ಕಾಡಿನಲ್ಲಿ ಸೊಪ್ಪು ಹೂವು ಆಯಲು, ಅಂಗಡಿಗೆ ಹೋಗಲು ಎನರ್ಜಿ ಬೇಕಿಲ್ಲ. ಕುಡುಗೋಲಿನಿಂದ ಹುಲ್ಲು ಕೊಯ್ಯಲೂ ಬೇಕಿಲ್ಲ. ಇಡೀ ದಿನ ಕೊಡಲಿ ಬೀಸುತ್ತಾ ನಿಂತುಬಿಡುತ್ತಿದ್ದವರನ್ನು ಈ ಮಿತಿ ಊರಿನ ಕಡೆಗೆ ಕಳಿಸುತ್ತದೆ. ಏನೂ ಬೇಡವೆಂದರೆ ಹಾಸಿಗೆಗೆ ಹೋಗಿ ಮಲಗಬಹುದು. ತಕ್ಷಣ ಮರುದಿನ; ಪಟ್ಟಿ ಸೊನ್ನೆ ಮುಟ್ಟುವ ಮೊದಲೇ ಮಲಗಿದ್ದರೆ ಅದು ಮತ್ತೆ ಪೂರ್ತಿ, ಸೊನ್ನೆಯಾಗಿದ್ದರೆ ಅರ್ಧದಷ್ಟು. ಬೆಳಿಗ್ಗೆ ಆರಕ್ಕೇ ಮತ್ತೆ ಮಲಗಿದರೂ ಆಟ ತಡೆಯುವುದಿಲ್ಲ.

ಮೊಬೈಲ್‌ನ ಎಷ್ಟೋ ಉಚಿತ ಆಟಗಳಲ್ಲಿ ಎನರ್ಜಿ ಎಂದರೆ ಬೇರೆಯೇ. ಅದು ನಿಜದ ನಿಮಿಷಗಳಲ್ಲಿ ಒಂದೊಂದಾಗಿ ತುಂಬುತ್ತದೆ. ಮುಗಿದರೆ ಆಟವೇ ಮುಚ್ಚಿದಂತೆ; ಕಾಯಿರಿ, ಇಲ್ಲವೇ ದುಡ್ಡು ಕೊಡಿ. ಎರಡೂ ಕಡೆ ಹೆಸರು ಒಂದೇ, ಪಟ್ಟಿಯ ಬಣ್ಣವೂ ಒಂದೇ ಇರಬಹುದು. ಸ್ಟಾರ್‌ಡ್ಯೂನದು ದಿನದ ಆರಂಭಕ್ಕೆ ಕೈಗೆ ಬರುವ ಸಂಬಳದಂತೆ. ಹೇಗೆ ಖರ್ಚು ಮಾಡಬೇಕೆಂಬುದು ನಿಮ್ಮ ಆಯ್ಕೆ. ಇನ್ನೊಂದು ನಿಮ್ಮನ್ನು ಹೊರಗೆ ನಿಲ್ಲಿಸುವ ಬಾಗಿಲು. ಇಬ್ಬರಲ್ಲಿ ಯಾರದು ಯಾವುದು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಎನರ್ಜಿ ಸೊನ್ನೆಯಾದ ಮೇಲೆ ಈಗಲೇ, ಪುಕ್ಕಟೆಯಾಗಿ, ಆಟದಲ್ಲಿ ಮಾಡಲು ಏನಾದರೂ ಉಳಿದಿದೆಯೇ?

ಎನರ್ಜಿಯ ಮಿತಿ ಆಡುವವರು ಬೆಳೆದ ಹಾಗೆ ಹಿಂದೆ ಸರಿಯಬೇಕು ಎಂಬುದು ಇನ್ನೊಂದು ಮುಖ್ಯ ಮಾತು. ಸ್ಟಾರ್‌ಡ್ಯೂನಲ್ಲಿ ಬೇಸಾಯದ ಪರಿಣತಿ ಒಂದೊಂದು ಮಟ್ಟ ಏರಿದಾಗಲೂ ಅಗೆಯುವ, ನೀರು ಹಾಕುವ ಕೆಲಸಕ್ಕೆ ತಗಲುವ ಎನರ್ಜಿ 0.1ರಷ್ಟು ಇಳಿಯುತ್ತದೆ. ಹತ್ತನೆಯ ಮಟ್ಟಕ್ಕೆ ಬಂದಾಗ 2 ಇದ್ದದ್ದು 1 ಆಗಿರುತ್ತದೆ. ಎರಡನೆಯ ಮಟ್ಟದಲ್ಲೇ ಸ್ಪ್ರಿಂಕ್ಲರ್ ಮಾಡುವ ವಿಧಾನ ಸಿಗುತ್ತದೆ. ಅದು ಸುತ್ತಲಿನ ನಾಲ್ಕು ಚೌಕಕ್ಕೆ ಪ್ರತಿ ಬೆಳಿಗ್ಗೆ ತಾನೇ ನೀರು ಹಾಕುತ್ತದೆ. ಆರನೆಯ ಮಟ್ಟದ್ದು ಎಂಟು ಚೌಕಕ್ಕೆ, ಒಂಬತ್ತನೆಯದು 24 ಚೌಕಕ್ಕೆ. ನೀರು ಹಾಕುವ ಕೆಲಸ ಮೊದಲ ವಾರ ಹಿತ, ಎರಡನೆಯ ತಿಂಗಳಲ್ಲಿ ಯಾಂತ್ರಿಕ. ಆ ಬೇಸರ ಬರುವ ಹೊತ್ತಿಗೆ ಸರಿಯಾಗಿ ಯಂತ್ರ ಬಂದು ಕೆಲಸ ವಹಿಸಿಕೊಂಡರೆ ಆಡುವವರಿಗೆ ತಮ್ಮ ಹೊತ್ತು ವಾಪಸು ಸಿಕ್ಕಂತಾಗುತ್ತದೆ. ಆರಂಭದಲ್ಲಿ ದಿನವನ್ನು ಬಿಗಿ ಹಿಡಿದಿದ್ದು ಎನರ್ಜಿ; ಅಡುಗೆ ಕಲಿತು, ಪರಿಣತಿ ಬಂದ ಮೇಲೆ ಎನರ್ಜಿ ಸಾಲದೆ ಹೋಗುವುದು ಅಪರೂಪ, ಗಡಿಯಾರವೇ ಮಿತಿ. ಎರಡು ಮಿತಿಗಳೂ ಒಟ್ಟಿಗೆ ಹಿಂಡುವುದಿಲ್ಲ, ಒಂದಾದ ಮೇಲೊಂದು ಬರುತ್ತವೆ.

ನಮ್ಮ ಹೊಲಕ್ಕೆ ಲೆಕ್ಕ ಹಾಕಿದರೆ

ಈ ತತ್ವಗಳನ್ನು ಹಿಡಿದು ಕರ್ನಾಟಕದ ಮುಂಗಾರು, ಹಿಂಗಾರು, ಬೇಸಿಗೆಯ ಮೇಲೆ ಒಂದು ಆಟ ಕಟ್ಟುವುದಾದರೆ ಅಂಕಿಗಳು ಹೇಗೆ ಬರುತ್ತವೆ ಎಂದು ನೋಡೋಣ.

ಮೊದಲು ಹೊಲ ಬಿಟ್ಟು ಮನುಷ್ಯನಿಂದ ಶುರು ಮಾಡಬೇಕು. ಕೆಲಸ ಮುಗಿಸಿ ಬಂದವರಿಗೆ ಸಂಜೆ ಅರ್ಧ ಗಂಟೆ ಬಿಡುವು ಎಂದುಕೊಳ್ಳೋಣ. ಆಟದ ದಿನಕ್ಕೆ ಹತ್ತು ನಿಮಿಷ ಇಟ್ಟರೆ ಒಮ್ಮೆ ಕೂತಾಗ ಮೂರು ದಿನ ಮುಗಿಯುತ್ತವೆ. ಒಂದು ಋತುವಿಗೆ 21 ದಿನ ಇಟ್ಟರೆ ಏಳು ಸಂಜೆ, ಎಂದರೆ ಒಂದು ವಾರ. ಮೂರು ಋತುವಿನ ವರ್ಷ ಮೂರು ವಾರದಲ್ಲಿ ತಿರುಗುತ್ತದೆ. ಈ ವಾರ ಮುಂಗಾರು, ಬರುವ ವಾರ ಹಿಂಗಾರು ಎಂದು ಆಡುವವರ ಬಾಯಲ್ಲೇ ಬರುವಷ್ಟು ಇದು ಹೊಂದಿಕೊಳ್ಳುತ್ತದೆ.

ಈಗ ಬೆಳೆಗೆ ಬರೋಣ. ಮೆಂತ್ಯ ಸೊಪ್ಪು ನಿಜದ ಹೊಲದಲ್ಲಿ ಸುಮಾರು ಒಂದು ತಿಂಗಳು, ರಾಗಿ ಸುಮಾರು ನಾಲ್ಕು ತಿಂಗಳು. ಮುಂಗಾರಿನ ನಾಲ್ಕು ತಿಂಗಳನ್ನು 21 ದಿನಕ್ಕೆ ಇಳಿಸಿದ ಅದೇ ಅಳತೆಯಲ್ಲಿ ರಾಗಿಯನ್ನೂ ಇಳಿಸಿದರೆ ಅದಕ್ಕೆ 20 ದಿನ ಬರುತ್ತದೆ. ಲೆಕ್ಕ ಸರಿ, ಆಟ ತಪ್ಪು. ಋತುವಿನ ಮೊದಲ ದಿನವೇ ಬಿತ್ತದಿದ್ದರೆ ರಾಗಿ ಸಿಗುವುದೇ ಇಲ್ಲ. ಹೊಸಬರು ಮೊದಲ ಸಂಜೆ ಊರು ನೋಡುತ್ತಾ ಕಳೆದರೆ ಇಡೀ ವಾರ ಕಾಯಬೇಕು. ಹಾಗಾಗಿ ಅನುಪಾತವನ್ನು ಬಿಟ್ಟು ಕ್ರಮವನ್ನು ಮಾತ್ರ ಉಳಿಸಿಕೊಳ್ಳಬೇಕು: ಮೆಂತ್ಯಕ್ಕಿಂತ ಟೊಮೆಟೊ ನಿಧಾನ, ಟೊಮೆಟೊಗಿಂತ ರಾಗಿ ನಿಧಾನ. ಮೆಂತ್ಯಕ್ಕೆ ಮೂರು ದಿನ ಇಡೋಣ. ಇಂದಿನ ಸಂಜೆ ಮೊದಲು ಬಿತ್ತಿದ್ದು ನಾಳೆ ಸಂಜೆ ಕೂತ ತಕ್ಷಣ ಕೈಗೆ ಬರುತ್ತದೆ. ಟೊಮೆಟೊಗೆ ಎಂಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ. ಅದರ ಬಿಡಿಸುವ ಸರದಿಯೂ ಸಂಜೆಗೊಮ್ಮೆ ಬರುತ್ತದೆ. ರಾಗಿಗೆ 14 ದಿನ. ಏಳನೆಯ ದಿನದವರೆಗೂ ಬಿತ್ತಬಹುದು. ಎರಡು ಸಂಜೆ ಪೂರ್ತಿ ಕಳೆದು ಮೂರನೆಯ ಸಂಜೆ ರಾಗಿಯ ನೆನಪಾದರೂ ಬೆಳೆ ಸಿಗುತ್ತದೆ.

ದಕ್ಷಿಣ ಕರ್ನಾಟಕದ ರಾಗಿ ಬಹುಪಾಲು ಮಳೆಯಾಶ್ರಿತ. ಅದನ್ನು ಆಟಕ್ಕೆ ತಂದರೆ ಬೆಳೆಗಳ ನಡುವೆ ಬೆಲೆಯ ವ್ಯತ್ಯಾಸದ ಜೊತೆ ಶ್ರಮದ ವ್ಯತ್ಯಾಸವೂ ಹುಟ್ಟುತ್ತದೆ. ಮುಂಗಾರಿನಲ್ಲಿ ಮಳೆ ಬಂದ ದಿನ ರಾಗಿಗೆ ಕೈಯಿಂದ ನೀರು ಬೇಡ. ಟೊಮೆಟೊ ಹೆಚ್ಚು ಕಾಸು ಕೊಡಲಿ, ಆದರೆ ದಿನವೂ ಗಮನ ಬೇಡಲಿ. ವಾರದಲ್ಲಿ ಎರಡೇ ಸಲ, ಅದೂ ಹತ್ತು ನಿಮಿಷ ಆಡುವವರು ರಾಗಿ ಹಾಕಿ ನಿಶ್ಚಿಂತೆಯಾಗಿರಬಹುದು.

ಎನರ್ಜಿಗೆ ದಿನಕ್ಕೆ 100 ಇಡೋಣ. ಅಗೆದು ಬಿತ್ತಲು ಚೌಕಕ್ಕೆ 2, ನೀರಿಗೆ 1. ಆರಂಭದಲ್ಲಿ 20 ಚೌಕ ಕೊಟ್ಟರೆ ಮೊದಲ ದಿನದ ಖರ್ಚು 60. ಉಳಿದ 40ರಲ್ಲಿ ಕಳೆ ಕಿತ್ತು ಕಲ್ಲು ಸರಿಸಬಹುದು. ಎರಡನೆಯ ದಿನದಿಂದ ನೀರಿಗೆ 20 ಸಾಕು, 80 ಹೊಲ ಹಿಗ್ಗಿಸಲು. ಹಿಗ್ಗುತ್ತಾ ಹೋಗಿ ನೂರು ಚೌಕ ಮುಟ್ಟಿದರೆ ಇಡೀ ಎನರ್ಜಿ ನೀರಿಗೇ ಸರಿ. ಆ ಹಂತ ಬರಲು ಬಿಡಬಾರದು. ನೀರು ಹಾಕುವುದೇ ದಿನದ ಅರ್ಧಕ್ಕೆ ಹತ್ತಿರ ಬಂದಾಗ, ಎಂದರೆ 40 ಚೌಕ ದಾಟಿದಾಗ, ಪಂಪ್‌ಸೆಟ್ಟೋ ಸ್ಪ್ರಿಂಕ್ಲರೋ ಕೊಳ್ಳುವಷ್ಟು ಹಣ ಕೈಯಲ್ಲಿರುವಂತೆ ಬೆಲೆಗಳನ್ನು ಹೊಂದಿಸಬೇಕು. ನನ್ನ ಲೆಕ್ಕದಲ್ಲಿ ಅದು ಮೂರನೆಯ ಸಂಜೆಯ ಆಸುಪಾಸು.

ತಪ್ಪಿದ್ದು ಹೇಗೆ ಗೊತ್ತಾಗುತ್ತದೆ?

ಕಾಗದದ ಮೇಲಿನ ಅಂಕಿ ಆಡಿದಾಗ ಸುಳ್ಳಾಗುವುದು ಸಾಮಾನ್ಯ. ಆಟ ಪರೀಕ್ಷೆಗೆ ಬಂದವರನ್ನು ‘ಚೆನ್ನಾಗಿತ್ತೇ’ ಎಂದು ಕೇಳಿದರೆ ಚೆನ್ನಾಗಿತ್ತು ಎನ್ನುತ್ತಾರೆ. ಅವರ ಒಪ್ಪಿಗೆ ಪಡೆದು ಅವರು ಆಡುವುದನ್ನು ದಾಖಲಿಸಿ ಮೂರು ಸಂಗತಿ ನೋಡುವುದು ಮೇಲು.

ಒಂದು, ಪಾತ್ರ ಎಷ್ಟು ಗಂಟೆಗೆ ಮಲಗುತ್ತಿದೆ. ಹೆಚ್ಚಿನವರು ಆಟದ ಮಧ್ಯಾಹ್ನಕ್ಕೆ ಮೊದಲೇ ಮಲಗುತ್ತಿದ್ದರೆ ಎನರ್ಜಿ ಕಡಿಮೆಯಾಗಿದೆ, ಇಲ್ಲವೇ ಎನರ್ಜಿ ಬೇಡದ ಕೆಲಸಗಳಲ್ಲಿ ಸ್ವಾರಸ್ಯವಿಲ್ಲ. ಎರಡರ ಮದ್ದು ಬೇರೆ ಬೇರೆ, ಹಾಗಾಗಿ ಎನರ್ಜಿಯನ್ನು ಹೆಚ್ಚಿಸುವ ಮೊದಲು ಊರಿನಲ್ಲಿ ಮಾಡಲು ಏನಿದೆ ಎಂದು ನೋಡಬೇಕು. ಎಲ್ಲರೂ ದಿನದ ಕೊನೆಯ ಕ್ಷಣದವರೆಗೆ ಓಡಿ ದಾರಿಯಲ್ಲೇ ಬೀಳುತ್ತಿದ್ದರೆ ದಿನವೇ ಚಿಕ್ಕದು. ಸ್ಟಾರ್‌ಡ್ಯೂನ 14 ನಿಮಿಷವೂ ಕೆಲವರಿಗೆ ಅವಸರ ಎನಿಸುತ್ತದೆ. ಆಡುವವರೇ ಬರೆದ ಟೈಮ್‌ಸ್ಪೀಡ್ ಎಂಬ ಮಾಡ್ ಹಾಕಿಕೊಂಡು ಗಡಿಯಾರವನ್ನು ನಿಧಾನ ಮಾಡಿಕೊಳ್ಳುವವರಿದ್ದಾರೆ. ದಿನದ ವೇಗವನ್ನು ಬದಲಿಸಿಕೊಳ್ಳುವ ಸೌಲಭ್ಯವನ್ನು ಆಟವೇ ಸೆಟ್ಟಿಂಗ್ಸ್‌ನಲ್ಲಿ ಕೊಟ್ಟರೆ ಕೈ ನಿಧಾನವಿರುವವರಿಗೂ ವಯಸ್ಸಾದವರಿಗೂ ದೊಡ್ಡ ಉಪಕಾರ.

ಎರಡು, ಋತು ಬದಲಾದಾಗ ಒಣಗಿದ ಗಿಡಗಳಿಗೆ ಕೊಯ್ಲಿಗೆ ಇನ್ನೂ ಎಷ್ಟು ದಿನ ಬಾಕಿ ಇತ್ತು. ಬಹಳಷ್ಟು ಗಿಡ ಒಂದೆರಡು ದಿನ ಬಾಕಿ ಇರುವಾಗಲೇ ಸತ್ತಿದ್ದರೆ ಆಡುವವರು ಲೆಕ್ಕ ಹಾಕಿಯೇ ಬಿತ್ತಿದ್ದಾರೆ, ನಡುವೆ ಒಂದು ದಿನ ನೀರು ತಪ್ಪಿದೆ, ಸಡಿಲ ಸಾಲದು. ಹತ್ತು ದಿನ ಬಾಕಿ ಇರುವಾಗ ಸತ್ತಿದ್ದರೆ ಗಡುವು ಅವರಿಗೆ ಗೊತ್ತೇ ಇರಲಿಲ್ಲ; ಬೀಜ ಕೊಳ್ಳುವಾಗಲೇ ಎಚ್ಚರಿಸಬೇಕಿತ್ತು.

ಮೂರು, ಆಟವನ್ನು ಎಲ್ಲಿ ನಿಲ್ಲಿಸಿ ಎದ್ದರು. ಮಲಗಿ ಸೇವ್ ಆದ ಮೇಲೆ ಎದ್ದಿದ್ದರೆ ದಿನದ ಅಳತೆ ಅವರಿಗೆ ಒಗ್ಗಿದೆ. ದಿನದ ನಡುವೆಯೇ ಎದ್ದವರು ಹೆಚ್ಚಿದ್ದರೆ ದಿನ ಉದ್ದವಾಗಿದೆ, ಅಥವಾ ನಡುವೆ ಸೇವ್ ಆಗುವ ಏರ್ಪಾಡು ಬೇಕು.

ಇಷ್ಟಾದ ಮೇಲೆ ಇನ್ನೊಂದು ಪರೀಕ್ಷೆ ಉಳಿಯುತ್ತದೆ. ಚೆನ್ನಾಗಿ ಆಡುತ್ತಿದ್ದ ಒಬ್ಬರಿಗೆ ಹದಿನೈದು ದಿನ ಆಟ ಮುಟ್ಟಬೇಡಿ ಎಂದು ಹೇಳಿ, ಆಮೇಲೆ ಮತ್ತೆ ಕೂರಿಸಬೇಕು. ಪರದೆ ತೆರೆದಾಗ ಬೆಳೆ, ದುಡ್ಡು, ಸ್ನೇಹ ಯಾವುದಾದರೂ ಕಡಿಮೆಯಾಗಿದ್ದರೆ, ಅವರು ತಮ್ಮ ಬದುಕಿನಲ್ಲಿ ಕಳೆದ ಹದಿನೈದು ದಿನಕ್ಕೆ ಆಟ ದಂಡ ಹಾಕಿದೆ ಎಂದರ್ಥ. ಮಕ್ಕಳ ಪರೀಕ್ಷೆ, ಮನೆಯ ಮದುವೆ, ಆಸ್ಪತ್ರೆಯ ಓಡಾಟ ಯಾರನ್ನೂ ಬಿಟ್ಟಿಲ್ಲ. ಅದಕ್ಕೆಲ್ಲ ಬೆಳೆ ಬಾಡಿಸುವ ಅಧಿಕಾರ ಯಾವ ಆಟಕ್ಕೂ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಬೆಳೆಯ ದಿನ, ಋತು, ಎನರ್ಜಿಯ ಅಂಕಿಗಳನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಈ ಪರೀಕ್ಷೆಯಲ್ಲಿ ಸೋತ ಅಂಕಿಯನ್ನು ಮಾತ್ರ ಎಷ್ಟೇ ಲಾಭ ತಂದರೂ ಬಿಟ್ಟುಕೊಡಬೇಕು.